ಹಣ್ಣಿನ ರಸದ ಬ್ರಿಕ್ಸ್ ಅಳೆಯುವ ಬಗೆ: ಉಷ್ಣಾಂಶದ ತಿದ್ದುಪಡಿ ಎಷ್ಟು, ಎಷ್ಟು ಸಲ, ಎಲ್ಲಿಯವರೆಗೆ

ರಿಫ್ರಾಕ್ಟೋಮೀಟರಿನ ಮೇಲೆ ಎರಡು ಹನಿ ರಸ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿನತ್ತ ಹಿಡಿದು ನೋಡಿದರೆ ಅಂಕಿ ಸಿಕ್ಕಿಬಿಡುತ್ತದೆ. ಇದು ಅರ್ಧ ನಿಮಿಷದ ಕೆಲಸ. ಆದರೆ ಒಂದೇ ಬಾಟಲಿಯ ರಸವನ್ನು ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು ಅಳೆದಾಗ ಒಂದು ಬ್ರಿಕ್ಸ್‌ನಷ್ಟು ವ್ಯತ್ಯಾಸ ಬರುವುದು ಅಪರೂಪವಲ್ಲ. ಇಂಥ ಸಂದರ್ಭದಲ್ಲಿ ಉಪಕರಣ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಒಬ್ಬರು ಉಷ್ಣಾಂಶದ ತಿದ್ದುಪಡಿಯನ್ನು ಬಿಟ್ಟಿರುತ್ತಾರೆ, ಇಲ್ಲವೇ ಮತ್ತೊಬ್ಬರು ತಿಳಿಯದೆ ಎರಡು ಸಲ ಮಾಡಿರುತ್ತಾರೆ. ಈ ಎರಡನೆಯ ತಪ್ಪು ಹೆಚ್ಚು ಅಪಾಯಕಾರಿ. ಎಚ್ಚರಿಕೆಯಿಂದ ಕೆಲಸ ಮಾಡುವವರಿಂದಲೇ ಆಗುವ ತಪ್ಪು ಅದು. ಈ ಮಾರ್ಗದರ್ಶಿಯ ಬಹುಪಾಲು ಅದರ ಸುತ್ತಲೇ ಇದೆ.

## ಆ ಅಂಕಿ ನಿಜವಾಗಿ ಏನು

ನೂರು ಗ್ರಾಂ ದ್ರಾವಣದಲ್ಲಿ ಎಷ್ಟು ಗ್ರಾಂ ಸುಕ್ರೋಸ್ ಇದೆಯೋ ಅಷ್ಟು ಡಿಗ್ರಿ ಬ್ರಿಕ್ಸ್. ಹನ್ನೆರಡು ಗ್ರಾಂ ಸಕ್ಕರೆಗೆ ಎಂಬತ್ತೆಂಟು ಗ್ರಾಂ ನೀರು ಸೇರಿಸಿದರೆ 12 ಬ್ರಿಕ್ಸ್. ಇದು ತೂಕಕ್ಕೆ ತೂಕದ ಲೆಕ್ಕ, ಪರಿಮಾಣದ ಲೆಕ್ಕವಲ್ಲ. ನೂರು ಮಿಲಿಲೀಟರ್ ನೀರಿಗೆ ಹನ್ನೆರಡು ಗ್ರಾಂ ಸಕ್ಕರೆ ಹಾಕಿದರೆ ಒಟ್ಟು ತೂಕ ಸುಮಾರು 112 ಗ್ರಾಂ ಆಗುವುದರಿಂದ ಸಿಗುವುದು 10.7 ಬ್ರಿಕ್ಸ್ ಮಾತ್ರ.

ಈ ಮಾನಕ್ಕೆ ಹೆಸರು ಕೊಟ್ಟ ಜರ್ಮನಿಯ ಅಡಾಲ್ಫ್ ಬ್ರಿಕ್ಸ್ ಹತ್ತೊಂಬತ್ತನೆಯ ಶತಮಾನದವರು. ಅವರ ಕೋಷ್ಟಕಗಳು ಸಾಂದ್ರತೆಯನ್ನು ಆಧರಿಸಿದ್ದವು, ಬೆಳಕಿಗೂ ಅವುಗಳಿಗೂ ಸಂಬಂಧವಿರಲಿಲ್ಲ. ರಿಫ್ರಾಕ್ಟೋಮೀಟರ್ ಅಳೆಯುವುದು ದ್ರವದ ವಕ್ರೀಭವನ ಸೂಚ್ಯಂಕವನ್ನು, ಅಂದರೆ ಬೆಳಕು ಆ ದ್ರವದೊಳಗೆ ಹೊಕ್ಕಾಗ ಎಷ್ಟು ಬಾಗುತ್ತದೆ ಎಂಬುದನ್ನು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಸೂಚ್ಯಂಕ 1.3330. ಹತ್ತು ಬ್ರಿಕ್ಸ್ ಸಕ್ಕರೆ ನೀರಿನದು 1.3478, ಇಪ್ಪತ್ತು ಬ್ರಿಕ್ಸ್‌ನದು 1.3638. ಮಸೂರದಲ್ಲಿ ಕಾಣುವ ಬ್ರಿಕ್ಸ್ ಪಟ್ಟಿ ಈ ಸೂಚ್ಯಂಕಗಳನ್ನೇ ಸಕ್ಕರೆಯ ಭಾಷೆಗೆ ತಿರುಗಿಸಿ ಬರೆದದ್ದು. ಒಂದು ಬ್ರಿಕ್ಸ್‌ಗೆ ಸೂಚ್ಯಂಕದಲ್ಲಿ ಆಗುವ ಬದಲಾವಣೆ ಬರೀ 0.0015ರ ಆಸುಪಾಸು. ಉಷ್ಣಾಂಶ ಇಷ್ಟೊಂದು ಕಾಟ ಕೊಡುವುದು ಈ ಅಂತರ ಅಷ್ಟು ಚಿಕ್ಕದಾಗಿರುವುದರಿಂದಲೇ.

ಉಪಕರಣಕ್ಕೆ ಸಕ್ಕರೆ ಯಾವುದು, ಬೇರೆ ವಸ್ತು ಯಾವುದು ಎಂಬುದು ಗೊತ್ತಿಲ್ಲ. ಸಿಟ್ರಿಕ್ ಆಮ್ಲ, ಮ್ಯಾಲಿಕ್ ಆಮ್ಲ, ಲವಣಗಳು, ಅಮೈನೋ ಆಮ್ಲಗಳು, ಕರಗಿದ ಪೆಕ್ಟಿನ್ ಎಲ್ಲವೂ ಬೆಳಕನ್ನು ಬಾಗಿಸುತ್ತವೆ. ನಿಂಬೆರಸ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ಎಂಟರ ಆಸುಪಾಸು ಬ್ರಿಕ್ಸ್ ತೋರಿಸಬಲ್ಲದು, ಆದರೆ ಅದರಲ್ಲಿ ಹೆಚ್ಚಿನ ಪಾಲು ಸಿಟ್ರಿಕ್ ಆಮ್ಲದ್ದು, ಸಕ್ಕರೆ ಅಲ್ಪ. ಮಾಗಿದ ಸಿಹಿ ಹಣ್ಣುಗಳಲ್ಲಿ ಕರಗಿದ ಘನಪದಾರ್ಥದ ಬಹುಪಾಲು ಸಕ್ಕರೆಯೇ ಆಗಿರುವುದರಿಂದ ಅಂಕಿ ಸಕ್ಕರೆಗೆ ಹತ್ತಿರವಾಗಿರುತ್ತದೆ. ಆಗಲೂ ವರದಿಯಲ್ಲಿ ‘ಸಕ್ಕರೆ ಶೇ. 13’ ಎಂದು ಬರೆಯಬಾರದು. ‘ಕರಗಿದ ಘನಾಂಶ 13 ಬ್ರಿಕ್ಸ್’ ಎಂದು ಬರೆಯಬೇಕು.

## ಬಿಸಿಯಾದಾಗ ಅಂಕಿ ಏಕೆ ಇಳಿಯುತ್ತದೆ

ದ್ರವ ಬಿಸಿಯಾದಾಗ ಹಿಗ್ಗುತ್ತದೆ. ಅದೇ ಜಾಗದಲ್ಲಿ ಕಣಗಳ ಸಂಖ್ಯೆ ಕಡಿಮೆಯಾಗಿ ಬೆಳಕು ಕಡಿಮೆ ಬಾಗುತ್ತದೆ. 20 ಡಿಗ್ರಿಯಲ್ಲಿ 1.3330 ಇದ್ದ ನೀರಿನ ಸೂಚ್ಯಂಕ 30 ಡಿಗ್ರಿಯಲ್ಲಿ 1.3319ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದು ನಗಣ್ಯವಾಗಿ ಕಾಣಬಹುದು. ಬ್ರಿಕ್ಸ್ ಪಟ್ಟಿಯ ಮೇಲೆ ಅದು ಮುಕ್ಕಾಲು ಡಿಗ್ರಿಯಷ್ಟಾಗುತ್ತದೆ. ಸಕ್ಕರೆ ಇದ್ದಷ್ಟೇ ಇದ್ದರೂ ಬೆಚ್ಚಗಿನ ರಸ ಕಡಿಮೆ ತೋರಿಸುತ್ತದೆ, ತಣ್ಣಗಿನ ರಸ ಹೆಚ್ಚು ತೋರಿಸುತ್ತದೆ.

ಶುದ್ಧ ಸುಕ್ರೋಸ್ ದ್ರಾವಣಗಳಿಗೆ ಅಂತಾರಾಷ್ಟ್ರೀಯ ಕೋಷ್ಟಕಗಳಿವೆ. ಸಾಮಾನ್ಯ ಹಣ್ಣಿನ ರಸದ ವ್ಯಾಪ್ತಿಯಲ್ಲಿ, ಅಂದರೆ 10ರಿಂದ 20 ಬ್ರಿಕ್ಸ್‌ನೊಳಗೆ, ಅವುಗಳ ಸಾರವನ್ನು ಒಂದು ದಶಮಾಂಶ ಸ್ಥಾನಕ್ಕೆ ಹೀಗೆ ನೆನಪಿಡಬಹುದು:

| ಹನಿಯ ಉಷ್ಣಾಂಶ | ತೋರಿದ ಅಂಕಿಗೆ ಮಾಡಬೇಕಾದ ತಿದ್ದುಪಡಿ |
|---|---|
| 10 ಡಿಗ್ರಿ | 0.6 ಕಳೆಯಿರಿ |
| 15 ಡಿಗ್ರಿ | 0.3 ಕಳೆಯಿರಿ |
| 20 ಡಿಗ್ರಿ | ಏನೂ ಬೇಡ |
| 25 ಡಿಗ್ರಿ | 0.4 ಕೂಡಿಸಿ |
| 30 ಡಿಗ್ರಿ | 0.8 ಕೂಡಿಸಿ |

ಕೋಷ್ಟಕವನ್ನು ಗಮನಿಸಿ ನೋಡಿದರೆ ಕೆಳಗೆ ಹತ್ತು ಡಿಗ್ರಿ ಇಳಿದಾಗಿನ ತಿದ್ದುಪಡಿಗೂ ಮೇಲೆ ಹತ್ತು ಡಿಗ್ರಿ ಏರಿದಾಗಿನ ತಿದ್ದುಪಡಿಗೂ ಸಮ ಇಲ್ಲ. ಉಷ್ಣಾಂಶ ಏರಿದಂತೆ ಪ್ರತಿ ಡಿಗ್ರಿಗೆ ಆಗುವ ಇಳಿತವೂ ಹೆಚ್ಚುತ್ತಾ ಹೋಗುತ್ತದೆ. ‘ಡಿಗ್ರಿಗೆ ಇಷ್ಟು’ ಎಂಬ ಒಂದೇ ಗುಣಕವನ್ನು ಹಿಡಿದು 40 ಡಿಗ್ರಿಯವರೆಗೂ ಗುಣಿಸುತ್ತಾ ಹೋಗಬಾರದು ಎನ್ನುವುದು ಇದಕ್ಕಾಗಿ. 20ರ ಆಚೀಚೆ ಐದು ಡಿಗ್ರಿಯೊಳಗೆ ಮಾತ್ರ ಡಿಗ್ರಿಗೆ 0.07 ಎಂಬ ಲೆಕ್ಕ ಸಾಕಷ್ಟು ಸರಿಹೋಗುತ್ತದೆ.

## ಅಳತೆಗೆ ಮೊದಲು

ಕೋಷ್ಟಕದಲ್ಲಿ ‘ಹನಿಯ ಉಷ್ಣಾಂಶ’ ಎಂದು ಬರೆದದ್ದು ಸುಮ್ಮನೆ ಅಲ್ಲ. ಲೆಕ್ಕಕ್ಕೆ ಬರುವುದು ಪ್ರಿಸಂಗೆ ಅಂಟಿಕೊಂಡಿರುವ ತೆಳುವಾದ ಪದರದ ಉಷ್ಣಾಂಶ. ಪಾತ್ರೆಯೊಳಗಿನ ರಸದ್ದಲ್ಲ. ಎರಡು ಹನಿ ರಸಕ್ಕೆ ಹೋಲಿಸಿದರೆ ಗಾಜಿನ ಪ್ರಿಸಂ ಹಾಗೂ ಅದನ್ನು ಹಿಡಿದಿರುವ ಲೋಹದ ಒಡಲು ಬಹಳ ದೊಡ್ಡವು. ಹನಿ ಕೆಲವೇ ಕ್ಷಣಗಳಲ್ಲಿ ಪ್ರಿಸಂನ ಉಷ್ಣಾಂಶಕ್ಕೆ ಬರುತ್ತದೆ. ಆದ್ದರಿಂದ ಬಾಟಲಿಯಲ್ಲಿ ಥರ್ಮಾಮೀಟರ್ ಮುಳುಗಿಸಿ 12 ಡಿಗ್ರಿ ಎಂದು ಬರೆದುಕೊಂಡು, 28 ಡಿಗ್ರಿಯ ಉಪಕರಣದ ಮೇಲೆ ಹನಿ ಹಾಕಿ, 12 ಡಿಗ್ರಿಯ ತಿದ್ದುಪಡಿಯನ್ನು ಕಳೆದರೆ ಕೂಡಿಸಬೇಕಾದಲ್ಲಿ ಕಳೆದಂತಾಗುತ್ತದೆ.

ಕೈಯಲ್ಲಿ ಹಿಡಿಯುವ ಉಪಕರಣದಲ್ಲಿ ಪ್ರಿಸಂನ ಉಷ್ಣಾಂಶ ಅಳೆಯುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ಸರಳ ಉಪಾಯ, ಎಲ್ಲವನ್ನೂ ಒಂದೇ ಉಷ್ಣಾಂಶಕ್ಕೆ ತರುವುದು. ಉಪಕರಣ, ಮುಚ್ಚಿದ ಬಾಟಲಿಯಲ್ಲಿ ರಸ, ಭಟ್ಟಿ ಇಳಿಸಿದ ನೀರು, ಥರ್ಮಾಮೀಟರ್, ಡ್ರಾಪರ್ ಇವಿಷ್ಟನ್ನೂ ಬಿಸಿಲು ಬೀಳದ, ಫ್ಯಾನಿನ ಗಾಳಿ ನೇರವಾಗಿ ತಾಗದ ಮೇಜಿನ ಮೇಲೆ ಅರ್ಧ ಗಂಟೆ ಬಿಡಿ. ಆಮೇಲೆ ನೀರಿನಲ್ಲಿ ಅದ್ದಿದ ಥರ್ಮಾಮೀಟರ್ ಹೇಳುವುದನ್ನೇ ಹನಿಯ ಉಷ್ಣಾಂಶ ಎಂದು ಧೈರ್ಯವಾಗಿ ಹಿಡಿಯಬಹುದು. ಉಪಕರಣವನ್ನು ಎತ್ತುವಾಗ ರಬ್ಬರಿನ ಹಿಡಿಯಲ್ಲೇ ಹಿಡಿಯಿರಿ. ಪ್ರಿಸಂ ಇರುವ ತುದಿಯನ್ನು ಅಂಗೈಯಲ್ಲಿ ಹಿಡಿದರೆ ಮೈಯ ಬಿಸಿ ಅದಕ್ಕೆ ಇಳಿಯುತ್ತದೆ.

ರಸವನ್ನು ಸಿದ್ಧಪಡಿಸುವಾಗ ಒಂದೇ ಕಡೆಯ ಹನಿ ಹಿಂಡಬೇಡಿ. ಹೆಚ್ಚಿನ ಹಣ್ಣುಗಳಲ್ಲಿ ತೊಟ್ಟಿನ ಕಡೆಗೂ ತುದಿಯ ಕಡೆಗೂ ಸಿಹಿ ಬೇರೆ ಬೇರೆ. ಇಡೀ ಹಣ್ಣಿನ ಅಥವಾ ಉದ್ದಕ್ಕೆ ಸೀಳಿದ ಹೋಳಿನ ರಸ ತೆಗೆದು, ಕಲಕಿ, ತೆಳುವಾದ ಬಟ್ಟೆ ಅಥವಾ ಫಿಲ್ಟರ್ ಕಾಗದದಲ್ಲಿ ಸೋಸಿ. ತೇಲುವ ತಿರುಳು ಕರಗಿದ ಪದಾರ್ಥವಲ್ಲದ ಕಾರಣ ಬ್ರಿಕ್ಸ್‌ಗೆ ಸೇರುವುದಿಲ್ಲ. ಆದರೆ ಅದು ಬೆಳಕನ್ನು ಚದುರಿಸಿ ಗೆರೆಯನ್ನು ಮಸುಕಾಗಿಸುತ್ತದೆ. ಸೋಸುವಾಗ ಬಟ್ಟೆ ಒದ್ದೆಯಾಗಿರಬಾರದು, ಅದರಲ್ಲಿರುವ ನೀರು ರಸಕ್ಕೆ ಸೇರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ, ಆದರೂ ತೊಳೆದು ಹಿಂಡಿದ ಬಟ್ಟೆಯಲ್ಲೇ ಸೋಸುವವರು ಬಹಳ.

## ಸೊನ್ನೆ ಹೊಂದಿಸುವುದು: ಇಲ್ಲಿಯೇ ದಾರಿ ಎರಡಾಗುತ್ತದೆ

ಪ್ರಿಸಂ ಮೇಲೆ ಭಟ್ಟಿ ಇಳಿಸಿದ ನೀರಿನ ಎರಡು ಮೂರು ಹನಿ ಹಾಕಿ, ಮುಚ್ಚಳವನ್ನು ಓರೆಯಾಗಿ ಇಳಿಸುತ್ತಾ ಗುಳ್ಳೆ ಉಳಿಯದಂತೆ ಮುಚ್ಚಿ. ಅರ್ಧ ನಿಮಿಷ ಕಾಯಿರಿ. ಬೆಳಕಿನತ್ತ ಹಿಡಿದು ನೋಡಿದಾಗ ಮೇಲೆ ನೀಲಿ, ಕೆಳಗೆ ಬಿಳಿ ಎರಡು ವಲಯಗಳು ಕಾಣುತ್ತವೆ. ಅವುಗಳ ನಡುವಿನ ಗೆರೆ ಪಟ್ಟಿಯನ್ನು ಎಲ್ಲಿ ಕತ್ತರಿಸುತ್ತದೆಯೋ ಅದೇ ಅಂಕಿ. ನೀರಿಗೆ ಅದು ಸೊನ್ನೆಯಲ್ಲಿರಬೇಕು, ಇಲ್ಲವಾದರೆ ಚಿಕ್ಕ ತಿರುಪನ್ನು ತಿರುಗಿಸಿ ಸೊನ್ನೆಗೆ ತರಬೇಕು.

ಪ್ರತಿ ಉಪಕರಣದ ಕೈಪಿಡಿಯಲ್ಲೂ ಇಷ್ಟು ಇರುತ್ತದೆ. ಆ ತಿರುಪನ್ನು ಯಾವ ಉಷ್ಣಾಂಶದಲ್ಲಿ ತಿರುಗಿಸಿದಿರಿ ಎಂಬುದರ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿದೆ ಎಂಬುದನ್ನು ಮಾತ್ರ ಅಲ್ಲಿ ಒತ್ತಿ ಹೇಳುವುದಿಲ್ಲ.

ಸ್ವಯಂಚಾಲಿತ ತಿದ್ದುಪಡಿ ಇಲ್ಲದ ಸಾದಾ ಉಪಕರಣವನ್ನು 20 ಡಿಗ್ರಿಯಲ್ಲಿ ಸೊನ್ನೆಗೆ ತಂದಿದ್ದರೆ ಮೇಲಿನ ಕೋಷ್ಟಕ ಹಾಗೆಯೇ ಅನ್ವಯಿಸುತ್ತದೆ. ಈಗ ಅದೇ ಉಪಕರಣವನ್ನು 30 ಡಿಗ್ರಿಯ ಕೋಣೆಗೆ ತಂದು ನೀರು ಹಾಕಿ ನೋಡಿ. ಗೆರೆ ಸೊನ್ನೆಗಿಂತ ಕೆಳಗೆ, ಸುಮಾರು 0.7ರಷ್ಟು ಕೆಳಗೆ ಜಾರಿರುತ್ತದೆ. ಪಟ್ಟಿ ಸೊನ್ನೆಯಿಂದಲೇ ಶುರುವಾಗುವುದರಿಂದ ಆ ಇಳಿತವನ್ನು ಓದಲು ಗೆರೆಗಳೇ ಇರುವುದಿಲ್ಲ. ‘ಸೊನ್ನೆ ತಪ್ಪಿದೆ’ ಎಂದುಕೊಂಡು ಯಾರಾದರೂ ತಿರುಪು ತಿರುಗಿಸಿ ಸರಿಮಾಡುತ್ತಾರೆ. ಹಾಗೆ ಮಾಡಿದ್ದು ತಪ್ಪೇನಲ್ಲ. ಆದರೆ ಆ ಕ್ಷಣದಲ್ಲೇ ಅವರು ಉಷ್ಣಾಂಶದ ತಿದ್ದುಪಡಿಯ ಬಹುಪಾಲನ್ನು ಮಾಡಿ ಮುಗಿಸಿರುತ್ತಾರೆ. ಆ ಬಳಿಕ ರಸ ಅಳೆದು, ಗೋಡೆಗೆ ಅಂಟಿಸಿದ ಕೋಷ್ಟಕ ನೋಡಿ 0.8 ಕೂಡಿಸಿದರೆ ಅದು ಎರಡನೆಯ ಸಲದ ತಿದ್ದುಪಡಿ.

ಆದ್ದರಿಂದ ಎರಡರಲ್ಲಿ ಒಂದು ಪದ್ಧತಿಯನ್ನು ಆರಿಸಿಕೊಂಡು ಅದಕ್ಕೇ ನಿಲ್ಲಬೇಕು. ಒಂದು, 20 ಡಿಗ್ರಿಯಲ್ಲಿ ಸೊನ್ನೆ ಹೊಂದಿಸಿ, ತಿರುಪನ್ನು ಮತ್ತೆ ಮುಟ್ಟದೆ, ಕೋಷ್ಟಕದಿಂದ ತಿದ್ದುವುದು. ಇನ್ನೊಂದು, ಅಳೆಯುವ ಕೋಣೆಯಲ್ಲೇ, ಅಳತೆಗೆ ಸ್ವಲ್ಪ ಮೊದಲು, ಅದೇ ಉಷ್ಣಾಂಶದ ನೀರಿನಿಂದ ಸೊನ್ನೆ ಹೊಂದಿಸಿ, ಕೋಷ್ಟಕವನ್ನು ಪಕ್ಕಕ್ಕಿಡುವುದು. ಕೋಣೆಯ ಉಷ್ಣಾಂಶ ದಿನವಿಡೀ ಏರಿಳಿಯುವ ಕಡೆ ನನ್ನ ಆಯ್ಕೆ ಎರಡನೆಯದು. ಆದರೆ ಗಂಟೆಗೊಮ್ಮೆಯಾದರೂ ನೀರು ಹಾಕಿ ನೋಡಬೇಕು.

ಎರಡನೆಯ ಪದ್ಧತಿಯಲ್ಲೂ ಚೂರು ಉಳಿಕೆ ಇರುತ್ತದೆ. ತಿರುಪು ಇಡೀ ಪಟ್ಟಿಯನ್ನು ಒಂದೇ ಪ್ರಮಾಣದಲ್ಲಿ ಸರಿಸುತ್ತದೆ. ಆದರೆ ಸಕ್ಕರೆ ಹೆಚ್ಚಿದಂತೆ ಉಷ್ಣಾಂಶಕ್ಕೆ ಸೂಚ್ಯಂಕ ಇಳಿಯುವ ವೇಗವೂ ಹೆಚ್ಚುತ್ತದೆ. ನೀರಿನ ಮಟ್ಟಿಗೆ ಸರಿಹೋದದ್ದು ರಸಕ್ಕೆ ಪೂರ್ತಿ ಸಾಲುವುದಿಲ್ಲ. 30 ಡಿಗ್ರಿಯಲ್ಲಿ 12ರಿಂದ 15 ಬ್ರಿಕ್ಸ್ ರಸಕ್ಕೆ ಈ ಕೊರತೆ ಸುಮಾರು 0.1. ಕೈ ಉಪಕರಣದ ಪಟ್ಟಿಯಲ್ಲಿ ಅತಿ ಚಿಕ್ಕ ಭಾಗವೇ 0.2 ಇರುವಾಗ ಇದನ್ನು ಬಿಟ್ಟರೂ ನಷ್ಟವಿಲ್ಲ. ಅರುವತ್ತು ಬ್ರಿಕ್ಸ್ ದಾಟಿದ ಗಟ್ಟಿ ರಸಕ್ಕೆ ಮಾತ್ರ ಕೊರತೆ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಬೆಳೆಯಬಹುದು. ಅಲ್ಲಿ ನೀರಿನ ಸೊನ್ನೆಯನ್ನಷ್ಟೇ ನಂಬಿ ಕೂರುವಂತಿಲ್ಲ.

## ರಸ ಹಾಕಿ ಓದುವುದು

ನೀರನ್ನು ಮೆತ್ತನೆಯ ಕಾಗದದಿಂದ ಒತ್ತಿ ತೆಗೆಯಿರಿ. ಉಜ್ಜಿದರೆ ಪ್ರಿಸಂ ಮೇಲೆ ಗೀರು ಬೀಳುತ್ತದೆ. ಒಂದು ಹನಿ ನೀರು ಉಳಿದಿದ್ದರೂ ರಸ ತೆಳುವಾಗುತ್ತದೆ. ಅನುಮಾನವಿದ್ದರೆ ಮೊದಲ ಸಲ ಹಾಕಿದ ರಸವನ್ನು ಒರೆಸಿ ತೆಗೆದು, ಎರಡನೆಯ ಸಲ ಹಾಕಿದ ರಸವನ್ನು ಓದಿ.

ಹನಿ ಹಾಕಿದ ಕೂಡಲೇ ಮುಚ್ಚಳ ಮುಚ್ಚಬೇಕು. ತೆರೆದ ಹನಿಯಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಅಂಕಿ ಏರುತ್ತದೆ. ಮುಚ್ಚಿದ ಮೇಲೆ ಗೆರೆಯನ್ನು ಸ್ವಲ್ಪ ಹೊತ್ತು ಗಮನಿಸಿ, ಅದರ ನಡೆಯಲ್ಲೇ ಬಹಳಷ್ಟು ಮಾಹಿತಿ ಇದೆ. ಮೊದಲ ಅರ್ಧ ನಿಮಿಷ ಸರಿದು ಬಳಿಕ ನಿಂತರೆ ಹನಿ ಪ್ರಿಸಂನ ಉಷ್ಣಾಂಶಕ್ಕೆ ಬಂದಿದೆ ಎಂದರ್ಥ, ನಿಂತ ಅಂಕಿಯನ್ನೇ ಬರೆದುಕೊಳ್ಳಿ. ನಿಲ್ಲದೆ ನಿಧಾನವಾಗಿ ಮೇಲೇರುತ್ತಲೇ ಇದ್ದರೆ ರಸ ಕಡಿಮೆಯಾಗಿ ಅಂಚುಗಳಲ್ಲಿ ಒಣಗುತ್ತಿದೆ, ಇನ್ನಷ್ಟು ಹಾಕಿ ಹೊಸದಾಗಿ ನೋಡಿ. ಗೆರೆಯ ಬದಲು ಬೂದು ಬಣ್ಣದ ಅಗಲ ಪಟ್ಟೆ ಕಂಡರೆ ತಿರುಳು ಅಥವಾ ಗುಳ್ಳೆ ಇದೆ. ಆ ಪಟ್ಟೆಯ ನಡುವನ್ನು ಊಹಿಸಿ ಓದುವುದಕ್ಕಿಂತ ಮತ್ತೊಮ್ಮೆ ಸೋಸುವುದು ಲೇಸು. ಗೆರೆಯ ಅಂಚಿನಲ್ಲಿ ಕಾಮನಬಿಲ್ಲಿನಂತೆ ಬಣ್ಣ ಕಂಡರೆ ಬೆಳಕಿನ ಮೂಲ ಬದಲಿಸಿ ನೋಡಿ. ಬ್ರಿಕ್ಸ್ ಕೋಷ್ಟಕಗಳು ಸೋಡಿಯಂ ದೀಪದ ಹಳದಿ ಬೆಳಕಿಗೆ, 589 ನ್ಯಾನೋಮೀಟರಿಗೆ ಹೊಂದಿಸಿದವು. ಬೇರೆ ಬಣ್ಣದ ಬೆಳಕು ಬೇರೆ ಪ್ರಮಾಣದಲ್ಲಿ ಬಾಗುತ್ತದೆ.

ಮೂರು ಹೊಸ ಹನಿಗಳನ್ನು ಬೇರೆ ಬೇರೆಯಾಗಿ ಓದಿ, 0.2ರೊಳಗೆ ಹೊಂದಿದರೆ ಸರಾಸರಿ ತೆಗೆದುಕೊಳ್ಳಿ. ಒಂದೇ ಹನಿಯನ್ನು ಮೂರು ಸಲ ಓದಿದರೆ ನಿಮ್ಮ ಕಣ್ಣಿನ ಪರೀಕ್ಷೆಯಾಗುತ್ತದೆಯೇ ಹೊರತು ರಸದ್ದಲ್ಲ.

## ಒಂದು ಲೆಕ್ಕ, ಪೂರ್ತಿಯಾಗಿ

ಅನಾನಸ್ ರಸ ಎಂದಿಟ್ಟುಕೊಳ್ಳೋಣ. ಗಟ್ಟಿ ರಸಕ್ಕೆ ನೀರು ಸೇರಿಸಿ ಮತ್ತೆ ತಯಾರಿಸಿದ ಅನಾನಸ್ ರಸಕ್ಕೆ ಕೋಡೆಕ್ಸ್ ಎಂಬ ಅಂತಾರಾಷ್ಟ್ರೀಯ ಆಹಾರ ಮಾನದಂಡ ಹೇಳುವ ಕನಿಷ್ಠ ಮಟ್ಟ 12.8 ಬ್ರಿಕ್ಸ್. ಸಾದಾ ಕೈ ಉಪಕರಣ, 20 ಡಿಗ್ರಿಯಲ್ಲಿ ಸೊನ್ನೆ ಹೊಂದಿಸಿದ್ದು. ಈಗ ಕೋಣೆ, ಉಪಕರಣ, ರಸ ಎಲ್ಲವೂ 30 ಡಿಗ್ರಿಯಲ್ಲಿವೆ. ಮೂರು ಹನಿಗಳ ಸರಾಸರಿ 12.2.

ತಿದ್ದದೆ ಬಿಟ್ಟರೆ ರಸ ಮಟ್ಟಕ್ಕಿಂತ ಕೆಳಗಿದೆ. ಕೋಷ್ಟಕದ 0.8 ಕೂಡಿಸಿದರೆ 13.0, ರಸ ತೇರ್ಗಡೆ. ಇದೇ ಸರಿಯಾದ ಉತ್ತರ.

ಇದೇ ರಸವನ್ನು, 30 ಡಿಗ್ರಿಯಲ್ಲೇ ನೀರಿನಿಂದ ಸೊನ್ನೆ ಹೊಂದಿಸಿದ ಉಪಕರಣದಲ್ಲಿ ಓದಿದ್ದರೆ ಅದು 12.9ರ ಹತ್ತಿರ ತೋರಿಸುತ್ತಿತ್ತು. ಉಳಿದ 0.1 ಕೂಡಿಸಿದರೆ ಮತ್ತೆ 13.0. ದಾರಿ ಬೇರೆಯಾದರೂ ಉತ್ತರ ಒಂದೇ.

ಈಗ ತಪ್ಪು ಎಲ್ಲಿ ನುಸುಳುತ್ತದೆ ನೋಡಿ. ನಿಜಕ್ಕೂ 12.2 ಬ್ರಿಕ್ಸ್ ಇರುವ ನೀರಾದ ರಸ ಬಂದಿದೆ. 30 ಡಿಗ್ರಿಯಲ್ಲಿ ಸೊನ್ನೆ ಹೊಂದಿಸಿದ ಉಪಕರಣ 12.1 ತೋರಿಸುತ್ತದೆ. ಅಳೆದವರು ಅಭ್ಯಾಸಬಲದಿಂದ ಕೋಷ್ಟಕದ 0.8 ಕೂಡಿಸಿ 12.9 ಎಂದು ಬರೆಯುತ್ತಾರೆ. ತಿರಸ್ಕರಿಸಬೇಕಾದ ರಸ ದಾಖಲೆಯಲ್ಲಿ ಪಾಸಾಗುತ್ತದೆ. ಪುಸ್ತಕದಲ್ಲಿ ಉಷ್ಣಾಂಶವೂ ಇದೆ, ತಿದ್ದುಪಡಿಯೂ ಇದೆ, ಕೂಡಿಕೆಯೂ ಸರಿಯಿದೆ, ಆದರೂ ಉತ್ತರ ತಪ್ಪು. ಸೊನ್ನೆ ಹೊಂದಿಸಿದ ಉಷ್ಣಾಂಶವನ್ನು ಬರೆಯುವ ಒಂದು ಕಾಲಂ ಇದ್ದಿದ್ದರೆ ಯಾರಾದರೂ ಇದನ್ನು ಹಿಡಿಯಬಹುದಿತ್ತು. ತೋರಿದ ಅಂಕಿ, ಹನಿಯ ಉಷ್ಣಾಂಶ, ಸೊನ್ನೆ ಹೊಂದಿಸಿದ ಉಷ್ಣಾಂಶ, ತಿದ್ದಿದ ಅಂಕಿ: ಈ ನಾಲ್ಕನ್ನೂ ಬೇರೆ ಬೇರೆ ಬರೆಯುವ ಪದ್ಧತಿ ಇಟ್ಟುಕೊಳ್ಳಿ.

ಹುಳಿ ಹೆಚ್ಚಿರುವ ರಸಗಳಲ್ಲಿ ಇನ್ನೊಂದು ತಿದ್ದುಪಡಿ ಉಂಟು. ಸಿಟ್ರಿಕ್ ಆಮ್ಲ ಅಷ್ಟೇ ತೂಕದ ಸುಕ್ರೋಸ್‌ಗಿಂತ ಬೆಳಕನ್ನು ಕಡಿಮೆ ಬಾಗಿಸುತ್ತದೆ. ಹೀಗಾಗಿ ಒಟ್ಟು ಕರಗಿದ ಘನಾಂಶ ಬೇಕೆಂದರೆ ಶೇಕಡಾ ಒಂದರಷ್ಟು ಸಿಟ್ರಿಕ್ ಆಮ್ಲಕ್ಕೆ ಸುಮಾರು 0.2 ಬ್ರಿಕ್ಸ್ ಕೂಡಿಸುತ್ತಾರೆ. ನಮ್ಮ ಅನಾನಸ್ ರಸದ ಹತ್ತು ಗ್ರಾಂ ತೆಗೆದುಕೊಂಡು, ಫಿನಾಲ್ಫ್ತಲೀನ್ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಷನ್ ಮಾಡಿದಾಗ 11 ಮಿಲಿಲೀಟರ್ ಖರ್ಚಾಯಿತು ಎನ್ನೋಣ. ಒಂದು ಮಿಲಿಲೀಟರಿಗೆ 0.0064 ಗ್ರಾಂ ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ 0.07 ಗ್ರಾಂ, ಅಂದರೆ ಶೇ. 0.7. ಅದಕ್ಕೆ ತಿದ್ದುಪಡಿ ಸುಮಾರು 0.15. ಉಷ್ಣಾಂಶವನ್ನೂ ಆಮ್ಲವನ್ನೂ ಲೆಕ್ಕಕ್ಕೆ ಹಿಡಿದಾಗ 13.1ರಿಂದ 13.2. ಈ ಆಮ್ಲದ ತಿದ್ದುಪಡಿ ಕರಗಿದ ಘನಾಂಶವನ್ನು ಸರಿಮಾಡುತ್ತದೆಯೇ ಹೊರತು ಸಕ್ಕರೆಯನ್ನು ತಿಳಿಸುವುದಿಲ್ಲ. ಸಕ್ಕರೆಯೇ ಬೇಕೆಂದಾದರೆ ಆಮ್ಲವನ್ನು ಕಳೆಯಬೇಕಾಗುತ್ತದೆ, ಕೂಡಿಸಬೇಕಾಗಿಲ್ಲ. ಯಾವುದಾದರೂ ಮಿತಿಯೊಂದಿಗೆ ಹೋಲಿಸುವಾಗ ಆ ಮಿತಿ ಆಮ್ಲ ತಿದ್ದಿದ ಅಂಕಿಯದೋ ತಿದ್ದದ್ದೋ ಎಂದು ಮೊದಲು ನೋಡಿಕೊಳ್ಳಿ.

ಲೀಟರಿಗೆ ಎಷ್ಟು ಎಂದು ಯಾರಾದರೂ ಕೇಳಿದರೆ ಬ್ರಿಕ್ಸ್ ಅನ್ನು ಹತ್ತರಿಂದ ಗುಣಿಸಿ 130 ಗ್ರಾಂ ಎನ್ನಬೇಡಿ. 13 ಬ್ರಿಕ್ಸ್ ದ್ರಾವಣದ ಒಂದು ಲೀಟರ್ ಸುಮಾರು 1050 ಗ್ರಾಂ ತೂಗುತ್ತದೆ. ಅದರ ಶೇ. 13 ಎಂದರೆ ಸುಮಾರು 137 ಗ್ರಾಂ.

## ಸ್ವಯಂಚಾಲಿತ ತಿದ್ದುಪಡಿಯನ್ನು ಎಷ್ಟು ನಂಬಬಹುದು

ಎಟಿಸಿ ಎಂದು ಒಡಲಿನ ಮೇಲೆ ಬರೆದಿರುವ ಕೈ ಉಪಕರಣಗಳಲ್ಲಿ ಎರಡು ಲೋಹಗಳನ್ನು ಬೆಸೆದ ಪುಟ್ಟ ಪಟ್ಟಿಯೊಂದಿರುತ್ತದೆ. ಬಿಸಿಯಾದಾಗ ಅದು ಬಾಗಿ ಅಳತೆಯ ಪಟ್ಟಿಯನ್ನೋ ಮಸೂರವನ್ನೋ ತುಸು ಸರಿಸುತ್ತದೆ. ಹಾಗಾಗಿ ಕೋಷ್ಟಕ ನೋಡುವ ಅಗತ್ಯವಿಲ್ಲ, ನೋಡಲೂಬಾರದು. ಇದರ ವ್ಯಾಪ್ತಿ ಸಾಮಾನ್ಯವಾಗಿ 10ರಿಂದ 30 ಡಿಗ್ರಿ. ಅದರಾಚೆ ಉಪಕರಣ ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಅಂಕಿಯನ್ನೇ ಗೆರೆ ಎಳೆದಂತೆ ತೋರಿಸುತ್ತದೆ.

ಈ ಲೋಹದ ಪಟ್ಟಿಗೆ ತಾಗುವುದು ಉಪಕರಣದ ಒಡಲಿನ ಬಿಸಿ, ರಸದ ಬಿಸಿಯಲ್ಲ. ಅದರ ದೊಡ್ಡ ಮಿತಿಯೇ ಇದು. ಒಲೆಯ ಮೇಲಿಂದ ತೆಗೆದ 70 ಡಿಗ್ರಿಯ ರಸವನ್ನು 25 ಡಿಗ್ರಿಯ ಉಪಕರಣಕ್ಕೆ ಹಾಕಿದರೆ ಪ್ರಿಸಂನ ಮೇಲ್ಮೈ ಬಿಸಿಯಾಗುತ್ತದೆ, ಒಳಗಿನ ಪಟ್ಟಿ ಇನ್ನೂ 25ರಲ್ಲೇ ಇದೆ ಎಂದುಕೊಂಡಿರುತ್ತದೆ. ಅಂಕಿ ಕಡಿಮೆ ಬರುತ್ತದೆ. ಅದೇ ಹೊತ್ತಿಗೆ ಬಿಸಿ ಹನಿಯಿಂದ ನೀರು ಆವಿಯಾಗಿ ಅಂಕಿಯನ್ನು ಮೇಲಕ್ಕೆ ಎಳೆಯುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಎಷ್ಟು ಕಳೆದುಕೊಂಡವು ಎಂದು ಹೇಳಲು ಯಾವ ಕೋಷ್ಟಕಕ್ಕೂ ಸಾಧ್ಯವಿಲ್ಲ. ಬಿಸಿ ರಸವನ್ನು ಚಿಕ್ಕ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ನೀರಿನಲ್ಲಿಟ್ಟು ಕೋಣೆಯ ಉಷ್ಣಾಂಶಕ್ಕೆ ಇಳಿಸಿ, ಮುಚ್ಚಳದ ಒಳಗೆ ಕಟ್ಟಿದ ಹನಿಗಳನ್ನು ಕುಲುಕಿ ಸೇರಿಸಿದ ಮೇಲೆಯೇ ಅಳೆಯಬೇಕು. ಫ್ರಿಜ್ಜಿನಿಂದ ತೆಗೆದ ರಸಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ತಂಪಾದ ಪ್ರಿಸಂ ಮೇಲೆ ಗಾಳಿಯ ತೇವ ಹನಿಗಟ್ಟಿ ರಸವನ್ನು ತೆಳುವಾಗಿಸಬಹುದು.

ಎಟಿಸಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. 20 ಡಿಗ್ರಿಯ ಆಸುಪಾಸಿನಲ್ಲಿ ನೀರಿನಿಂದ ಸೊನ್ನೆಗೆ ತನ್ನಿ. ಉಪಕರಣವನ್ನೂ ನೀರನ್ನೂ 28ರಿಂದ 30 ಡಿಗ್ರಿಯ ಜಾಗದಲ್ಲಿ ಅರ್ಧ ಗಂಟೆ ಇಟ್ಟು ಮತ್ತೆ ನೋಡಿ. ಗೆರೆ ಸೊನ್ನೆಯಲ್ಲೇ ಇದ್ದರೆ ಲೋಹದ ಪಟ್ಟಿ ಬಾಗುತ್ತಿದೆ. ಕೆಳಗಿಳಿದಿದ್ದರೆ ಎಟಿಸಿ ಎಂಬುದು ಒಡಲಿನ ಮೇಲಿನ ಅಕ್ಷರ ಮಾತ್ರ, ಅದನ್ನು ಸಾದಾ ಉಪಕರಣದಂತೆಯೇ ಬಳಸಿ. ಇದನ್ನು ಪರೀಕ್ಷಿಸದೆ ಬೆಚ್ಚಗಿನ ಕೋಣೆಯಲ್ಲೇ ತಿರುಪು ತಿರುಗಿಸಿಬಿಟ್ಟರೆ ತಪ್ಪಿದ್ದು ಸೊನ್ನೆಯೋ ಎಟಿಸಿಯೋ ಎಂದು ಬಿಡಿಸಿ ಹೇಳುವ ಅವಕಾಶ ಕೈತಪ್ಪುತ್ತದೆ.

ಡಿಜಿಟಲ್ ಉಪಕರಣಗಳಲ್ಲಿ ಸಂವೇದಕ ಪ್ರಿಸಂ ಬಳಿಯೇ ಇರುವುದರಿಂದ ಪರಿಸ್ಥಿತಿ ಉತ್ತಮ. ಬೆಳಕು ಹನಿಯನ್ನು ಹಾಯ್ದು ಹೋಗದೆ ಪ್ರಿಸಂ ಕಡೆಯಿಂದಲೇ ಪ್ರತಿಫಲಿಸುವುದರಿಂದ ತಿರುಳಿನ ಕಾಟವೂ ಕಡಿಮೆ. ಪ್ರಯೋಗಾಲಯದ ಮೇಜಿನ ಮೇಲಿನ ದೊಡ್ಡ ಉಪಕರಣಗಳು ಪ್ರಿಸಂ ಅನ್ನೇ 20 ಡಿಗ್ರಿಯಲ್ಲಿ ಹಿಡಿದಿಡುತ್ತವೆ. ಅಲ್ಲಿ ತಿದ್ದುಪಡಿಯ ಪ್ರಶ್ನೆಯೇ ಏಳುವುದಿಲ್ಲ. ತಿದ್ದುವುದಕ್ಕಿಂತ ತಿದ್ದುವ ಅಗತ್ಯವೇ ಬಾರದಂತೆ ಅಳೆಯುವುದು ಯಾವಾಗಲೂ ಮೇಲು.

## ತಿದ್ದುಪಡಿ ಮುಟ್ಟಲಾರದ ಜಾಗಗಳು

ಕೋಷ್ಟಕವಾಗಲಿ ಎಟಿಸಿಯಾಗಲಿ ಶುದ್ಧ ಸುಕ್ರೋಸ್ ಮತ್ತು ನೀರಿಗೆ ಮಾಡಿದ್ದು. ತಾಜಾ ಹಣ್ಣಿನ ರಸ ಅದಕ್ಕೆ ಸಾಕಷ್ಟು ಹತ್ತಿರವಿರುವುದರಿಂದ ಕೆಲಸ ನಡೆಯುತ್ತದೆ. ಹುಳಿಯೇ ಪ್ರಧಾನವಾದ ರಸದಲ್ಲಿ, ಪೆಕ್ಟಿನ್ ತುಂಬಿ ಗಟ್ಟಿಯಾದ ತಿರುಳಿನಲ್ಲಿ, ಉಪ್ಪು ಬೆರೆಸಿದ ರಸದಲ್ಲಿ ಆ ಹತ್ತಿರ ದೂರವಾಗುತ್ತಾ ಹೋಗುತ್ತದೆ.

ಹುದುಗಲು ಶುರುವಾದ ರಸ ಇನ್ನೂ ಕೆಟ್ಟದ್ದು. ಆಲ್ಕೋಹಾಲ್ ನೀರಿಗಿಂತ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಇಪ್ಪತ್ತೆರಡು ಬ್ರಿಕ್ಸ್‌ನ ದ್ರಾಕ್ಷಿರಸ ಪೂರ್ತಿ ಹುದುಗಿ ಸಕ್ಕರೆ ಮುಗಿದ ಮೇಲೂ ರಿಫ್ರಾಕ್ಟೋಮೀಟರ್ ಆರೋ ಏಳೋ ಬ್ರಿಕ್ಸ್ ತೋರಿಸಬಹುದು. ಉಷ್ಣಾಂಶದ ತಿದ್ದುಪಡಿಗೂ ಇದಕ್ಕೂ ಸಂಬಂಧವಿಲ್ಲ. ರಸದಿಂದ ಹುಳಿಯ ಘಾಟು ಬಂದರೆ ಅಥವಾ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಅಳತೆಯನ್ನೇ ಬಿಡಿ.

ಪಟ್ಟಿಯನ್ನು ಮೀರಿದ ಗಟ್ಟಿ ರಸಕ್ಕೆ ಸಮತೂಕದ ನೀರು ಬೆರೆಸಿ, ಓದಿ, ಎರಡರಿಂದ ಗುಣಿಸುವ ಪದ್ಧತಿ ಇದೆ. ಗುಣಿಸಿದಾಗ ತಪ್ಪೂ ಎರಡರಷ್ಟಾಗುತ್ತದೆ. ಗಟ್ಟಿ ರಸಕ್ಕೆಂದೇ ಮಾಡಿದ ಪಟ್ಟಿಯ ಉಪಕರಣ ಸಿಕ್ಕಿದರೆ ಅದನ್ನೇ ಬಳಸಿ.

ಕೊನೆಯದಾಗಿ, ಎಲ್ಲ ಅನುಮಾನಗಳಿಗೂ ಒಟ್ಟಿಗೆ ಉತ್ತರ ಕೊಡುವ ಒಂದು ಪರೀಕ್ಷೆ. 12.0 ಗ್ರಾಂ ಒಣಗಿದ ಬಿಳಿ ಸಕ್ಕರೆ, 88.0 ಗ್ರಾಂ ಭಟ್ಟಿ ಇಳಿಸಿದ ನೀರು, 0.1 ಗ್ರಾಂವರೆಗೆ ತೋರಿಸುವ ತಕ್ಕಡಿ. ಪೂರ್ತಿ ಕರಗಿಸಿ, ಮುಚ್ಚಿಟ್ಟು, ರಸದ ಪಕ್ಕದಲ್ಲೇ ಅದೇ ಉಷ್ಣಾಂಶಕ್ಕೆ ಬರಲು ಬಿಡಿ. ರಸ ಅಳೆಯುವ ಮೊದಲು ಇದನ್ನು ಅಳೆದು, ರಸಕ್ಕೆ ಮಾಡುವ ತಿದ್ದುಪಡಿಯನ್ನೇ ಇದಕ್ಕೂ ಮಾಡಿ. ಉತ್ತರ 11.9ರಿಂದ 12.1ರೊಳಗೆ ಬಂದರೆ ನಿಮ್ಮ ಸೊನ್ನೆ, ಎಟಿಸಿ, ಕೋಷ್ಟಕ, ಕಣ್ಣು ಎಲ್ಲವೂ ಸರಿಯಿವೆ. 30 ಡಿಗ್ರಿಯಲ್ಲಿ ಅಳೆದಾಗ 12.8ರ ಹತ್ತಿರ ಬಂದರೆ ತಿದ್ದುಪಡಿ ಎರಡು ಸಲ ಆಗಿದೆ. 11.2ರ ಹತ್ತಿರ ಬಂದರೆ ಒಂದು ಸಲವೂ ಆಗಿಲ್ಲ. ದ್ರಾವಣವನ್ನು ಅಂದಂದೇ ಮಾಡಿ ಅಂದೇ ಚೆಲ್ಲಿ. ಮರುದಿನಕ್ಕೆ ಉಳಿಸಿದರೆ ಅದೂ ಹುದುಗಲು ತೊಡಗಬಹುದು.